ಗುವಾಹಟಿ ಆಸ್ಪತ್ರೆ ಟೆರೇಸ್ ಚಿಲ್ಲರ್: ಸ್ಪ್ರಿಂಗ್ ಹಾಕಿದ್ದರೂ ರಾತ್ರಿ ಕೆಳಗಿನ ವಾರ್ಡ್ ನಡುಗುತ್ತಿದೆ

ಸೈಟ್_ಶಿವು

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ಎರಡು ವರ್ಷದಿಂದ ಗುವಾಹಟಿಯಲ್ಲಿ ಒಂದು ಆಸ್ಪತ್ರೆ ಪ್ರಾಜೆಕ್ಟಿನ ಎಚ್‌ವಿಎಸಿ ನೋಡಿಕೊಳ್ಳುತ್ತಿದ್ದೇನೆ. ಟೆರೇಸ್ ಮೇಲೆ 180 ಟನ್ನಿನ ಏರ್ ಕೂಲ್ಡ್ ಸ್ಕ್ರೂ ಚಿಲ್ಲರ್ ಇದೆ. ನೀರು ತುಂಬಿದ ಮೇಲೆ ತೂಕ 6,400 ಕೆ.ಜಿ. ಎಂಟು ಕಡೆ ಸ್ಪ್ರಿಂಗ್ ಮೌಂಟ್ ಕೊಟ್ಟಿದ್ದಾರೆ, ಎಲ್ಲವೂ ಒಂದೇ ಬಗೆಯವು: 800 ಕೆ.ಜಿ.ಗೆ 25 ಮಿ.ಮೀ. ಕುಗ್ಗುವಂಥವು. ಸ್ಲ್ಯಾಬಿನ ಸ್ಪ್ಯಾನ್ 8.4 ಮೀಟರ್, ಮೆಷೀನು ಹೆಚ್ಚುಕಡಿಮೆ ನಡುಮಧ್ಯದಲ್ಲೇ ಕೂತಿದೆ.

ಹಗಲು ಪೂರ್ತಿ ಲೋಡಿನಲ್ಲಿ ಓಡುವಾಗ ಕೆಳಗಿನ ವಾರ್ಡಿನಲ್ಲಿ ಸಣ್ಣ ಗುಂಯ್ ಶಬ್ದ ಅಷ್ಟೇ. ರಾತ್ರಿ ಹನ್ನೊಂದರ ಮೇಲೆ ಲೋಡ್ ಇಳಿದಾಗ ಶಬ್ದವೇನೋ ಕಮ್ಮಿಯಾಗುತ್ತದೆ, ಆದರೆ ಮಂಚ ನಡುಗುತ್ತದೆ. ನಾನೇ ಹೋಗಿ ಖಾಲಿ ಮಂಚದ ಮೇಲೆ ಮಲಗಿ ನೋಡಿದೆ. ಪಕ್ಕದ ಸ್ಟೂಲಿನ ಮೇಲಿದ್ದ ಲೋಟದ ನೀರಿನಲ್ಲಿ ಬಳೆಬಳೆಯಾಗಿ ಅಲೆ ಏಳುತ್ತಿತ್ತು. ಲೋಡ್ ಕಮ್ಮಿಯಾದಾಗ ನಡುಕ ಯಾಕೆ ಹೆಚ್ಚಾಗಬೇಕು?

ಇನ್ನೊಂದು ವಿಷಯ, ಇದು ಜೋನ್ 5. 2021ರ ಏಪ್ರಿಲ್ 28ರ ಭೂಕಂಪವನ್ನು ಇಲ್ಲಿಯವರು ಮರೆತಿಲ್ಲ. ಹಾಗಾಗಿ ಮೌಂಟುಗಳೆಲ್ಲ ಭೂಕಂಪಕ್ಕೆ ತಡೆ ಇರುವ ಹೌಸಿಂಗ್ ಮಾದರಿಯವು.

ಡಿಸೈನ್_ದಿನೇಶ

ಶಿವು, ನಿಮ್ಮ ಸ್ಪ್ರಿಂಗ್ ಸರಿಯಾಗಿಯೇ ಇದೆ. 25 ಮಿ.ಮೀ. ಕುಗ್ಗಿದರೆ ಸ್ಪ್ರಿಂಗಿನ ಸ್ವಂತ ಕಂಪನ ಸುಮಾರು 3.2 ಹರ್ಟ್ಜ್. ಕಂಪ್ರೆಸರ್ 49 ಹರ್ಟ್ಜ್ ಹತ್ತಿರ ತಿರುಗುತ್ತದೆ. ಕ್ಯಾಟಲಾಗಿನ ಚಾರ್ಟ್ ಪ್ರಕಾರ 99 ಪರ್ಸೆಂಟಿಗಿಂತ ಹೆಚ್ಚು ತಡೆಯಬೇಕು. ಹಾಗಾದರೆ ಬರುತ್ತಿರುವುದು ಗಾಳಿಯ ಮೂಲಕ ಬರುವ ಶಬ್ದ. ಸುತ್ತ ಅಕೌಸ್ಟಿಕ್ ಪ್ಯಾನೆಲ್ ಕಟ್ಟಿಸಿ. ಅದಕ್ಕೂ ಬಗ್ಗದಿದ್ದರೆ ಸ್ಪ್ರಿಂಗ್ ಕೆಳಗೆ ರಿಬ್ಡ್ ರಬ್ಬರ್ ಪ್ಯಾಡ್ ಹಾಕಿ.

ಹುಬ್ಳಿ_ಫಿಟ್ಟರ್

ಸರ, ನಮ್ಮ ಕಡೆ ಒಂದು ಹೋಟೆಲ್ ಮ್ಯಾಲಿನ ಕೂಲಿಂಗ್ ಟವರಿಗೆ ಥೇಟ್ ಹಿಂಗ ಆಗಿತ್ರಿ. ಮೌಂಟ್ ಎರಡು ಸಲ ಬದ್ಲಿ ಮಾಡಿದ್ವಿ, ಏನೂ ಫರಕ್ ಆಗ್ಲಿಲ್ಲ. ಆಮ್ಯಾಲೆ ಪೈಪಿನ ಯು-ಬೋಲ್ಟ್ ಒಂದೊಂದ ಸಡ್ಲ ಮಾಡ್ಕೋತ ಹೋದ್ವಿ. ಮೂರನೇದ್ದು ಬಿಚ್ಚಿದ ಕೂಡ್ಲೆ ಕೆಳಗಿನ ರೂಮಿನಾಂವ ಫೋನ್ ಮಾಡಿ "ಈಗ ಬಂದ್ ಆತು" ಅಂದ. ನೀವು ಮೆಷೀನ್ ಬಿಟ್ಟು ಪೈಪ್ ನೋಡ್ರಿ ಮೊದ್ಲ.

ತಂಪುಮನೆ_ಮೈಸೂರು

ಹುಬ್ಬಳ್ಳಿಯವರು ಹೇಳಿದ್ದನ್ನು ತಳ್ಳಿಹಾಕಬೇಡಿ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಅವರದ್ದು ಶಬ್ದದ ಕತೆ, ಶಿವು ಕೇಳುತ್ತಿರುವುದು ನಡುಕದ ಬಗ್ಗೆ. ಎರಡಕ್ಕೂ ದಾರಿ ಬೇರೆಬೇರೆ.

ದಿನೇಶ್ ಅವರೇ, ಚಾರ್ಟ್ ಸುಳ್ಳಲ್ಲ. ಆದರೆ ಆ ಚಾರ್ಟ್ ಮೌಂಟಿನ ಕೆಳಗಿರುವುದು ಬಂಡೆ ಎಂದುಕೊಂಡು ಬರೆದದ್ದು. 8.4 ಮೀಟರ್ ಸ್ಪ್ಯಾನಿನ ಸ್ಲ್ಯಾಬ್ ಬಂಡೆಯಲ್ಲ, ಅದೂ ಒಂದು ಸ್ಪ್ರಿಂಗೇ. ಒಂದು ಸ್ಪ್ರಿಂಗಿನ ಮೇಲೆ ಇನ್ನೊಂದು ಸ್ಪ್ರಿಂಗ್ ಕೂರಿಸಿದ ಹಾಗೆ. ಜೊತೆಗೆ ನೀವು ಕಂಪ್ರೆಸರ್ ಒಂದನ್ನೇ ಲೆಕ್ಕಕ್ಕೆ ತೆಗೆದುಕೊಂಡಿರಿ. ಕಂಡೆನ್ಸರ್ ಫ್ಯಾನ್ ಅದಕ್ಕಿಂತ ಬಹಳ ನಿಧಾನವಾಗಿ ತಿರುಗುತ್ತದೆ, ಅದನ್ನು ತಡೆಯುವುದೇ ಕಷ್ಟ.

ಶಿವು, ಮೂರು ಕೆಲಸ ಮಾಡಿ ಬಂದು ಹೇಳಿ. ಒಂದು, ಫ್ಯಾನುಗಳಿಗೆ ವಿಎಫ್‌ಡಿ ಇದ್ದರೆ ನಡುಕ ಬರುವ ಹೊತ್ತಿನಲ್ಲಿ ಡಿಸ್‌ಪ್ಲೇಯಲ್ಲಿ ಎಷ್ಟು ಹರ್ಟ್ಜ್ ತೋರಿಸುತ್ತದೆ ಬರೆದುಕೊಳ್ಳಿ. ಎರಡು, ಮೆಷೀನು ನಿಂತಿರುವಾಗ ಫೋನಿನಲ್ಲಿ phyphox ತೆರೆದು ಸ್ಲ್ಯಾಬಿನ ನಡುವೆ ಇಡಿ. ಒಬ್ಬರು ಎರಡು ಹೆಜ್ಜೆ ದೂರದಲ್ಲಿ ತುದಿಗಾಲ ಮೇಲೆ ನಿಂತು ಹಿಮ್ಮಡಿ ದಪ್ಪನೆ ಬಿಡಲಿ. ಆಕ್ಸೆಲರೇಶನ್ ಸ್ಪೆಕ್ಟ್ರಮ್‌ನಲ್ಲಿ ಎಲ್ಲಿ ಗೋಪುರ ಏಳುತ್ತದೆ ನೋಡಿ. ಮೂರು, ಟಾರ್ಚ್ ಹಿಡಿದು ಎಂಟೂ ಮೌಂಟಿನ ಒಳಗೆ ಬಗ್ಗಿ ನೋಡಿ. ಸುರುಳಿಗಳ ನಡುವೆ ಎಷ್ಟು ಸಂದು ಉಳಿದಿದೆ, ತಡೆ ನಟ್ಟಿನ ಕೆಳಗೆ ಎಷ್ಟು ಸಂದು ಇದೆ, ಎರಡೂ ಬೇಕು.

ಸೈಟ್_ಶಿವು

ಮೇಡಂ, ಮಾಡಿದೆ. ಫ್ಯಾನಿನ ಮೋಟಾರು 6 ಪೋಲಿನದು, 50 ಹರ್ಟ್ಜ್‌ನಲ್ಲಿ 940 ಆರ್‌ಪಿಎಂ. ನಡುಕ ಜೋರಾಗಿದ್ದಾಗ ವಿಎಫ್‌ಡಿ 23 ಹರ್ಟ್ಜ್ ತೋರಿಸುತ್ತಿತ್ತು. ಸ್ಲ್ಯಾಬಿನ ಗೋಪುರ 7.1 ಹರ್ಟ್ಜ್‌ನಲ್ಲಿ, ನಾಲ್ಕು ಸಲ ಮಾಡಿದರೂ ಅಲ್ಲೇ.

ಮೌಂಟ್ ನೋಡಿ ಬೇಜಾರಾಯಿತು. ಕಂಪ್ರೆಸರ್ ಕಡೆಯ ಎರಡರಲ್ಲಿ ಸುರುಳಿಗಳ ನಡುವೆ ಹ್ಯಾಕ್ಸಾ ಬ್ಲೇಡ್ ಕೂಡ ತೂರುವುದಿಲ್ಲ. ನಾಲ್ಕು ಮೌಂಟಿನಲ್ಲಿ ತಡೆ ನಟ್ಟು ಬಿಗಿಯಾಗಿ ಕೂತಿದೆ, ಸಾಗಿಸುವಾಗ ಹಾಕಿದ ಬಣ್ಣದ ಗುರುತು ಇನ್ನೂ ಹಾಗೇ ಇದೆ. ಉಳಿದ ನಾಲ್ಕರಲ್ಲಿ 14–15 ಮಿ.ಮೀ. ಸಂದು. ಲೆವೆಲಿಂಗ್ ಬೋಲ್ಟ್ ತಿರುಗಿಸಿ ಮಟ್ಟ ಮಾಡಿದ್ದರಿಂದ ಸ್ಪಿರಿಟ್ ಲೆವೆಲ್ ಇಟ್ಟಾಗ ಎಲ್ಲ ಸರಿಯಾಗಿಯೇ ಕಂಡಿತ್ತು.

ತಯಾರಕರ ಡ್ರಾಯಿಂಗಿನಲ್ಲಿ ಪಾಯಿಂಟ್ ಲೋಡ್ ಹೀಗಿದೆ, ಪ್ರತಿ ಜೋಡಿಯಲ್ಲಿ ಒಂದೊಂದಕ್ಕೆ: 1150, 930, 640, 480 ಕೆ.ಜಿ.

ತಂಪುಮನೆ_ಮೈಸೂರು

ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಅಳೆದ ಅಂಕಿಗಳಲ್ಲಿದೆ. 23 ಹರ್ಟ್ಜ್ ಅಂದರೆ ಫ್ಯಾನ್ ನಿಮಿಷಕ್ಕೆ ಸುಮಾರು 430 ಸುತ್ತು, ಸೆಕೆಂಡಿಗೆ 7.2. ನಿಮ್ಮ ಸ್ಲ್ಯಾಬ್ ಕುಣಿಯಲು ಇಷ್ಟಪಡುವುದು 7.1ರಲ್ಲಿ. ಫ್ಯಾನ್ ಬ್ಲೇಡಿನಲ್ಲಿರುವ ಸಣ್ಣ ಅಸಮತೋಲನವೇ ಸಾಕು, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. ಹಗಲು 15ರ ಮೇಲೆ ತಿರುಗುವುದರಿಂದ ನಡುಕ ಇಲ್ಲ, ರಾತ್ರಿ ಇಳಿದು ಬಂದು ಅಲ್ಲೇ ನಿಲ್ಲುತ್ತದೆ.

ಇದಕ್ಕೆ ತಕ್ಷಣದ ಪರಿಹಾರ ಇದೆ. ಚಿಲ್ಲರ್ ಸರ್ವೀಸಿನವರನ್ನು ಕರೆಸಿ ಫ್ಯಾನ್ ವಿಎಫ್‌ಡಿಯಲ್ಲಿ 20ರಿಂದ 26 ಹರ್ಟ್ಜ್‌ವರೆಗೆ ಸ್ಕಿಪ್ ಫ್ರೀಕ್ವೆನ್ಸಿ ಹಾಕಿಸಿ. ಪ್ಯಾರಾಮೀಟರ್ ಲಾಕ್ ಆಗಿರುತ್ತದೆ, ನೀವೇ ಕೈ ಹಾಕಬೇಡಿ, ಹೆಡ್ ಪ್ರೆಶರ್ ಕಂಟ್ರೋಲ್ ಏರುಪೇರಾಗಬಹುದು. ಜೊತೆಗೆ ಫ್ಯಾನ್ ಬ್ಯಾಲೆನ್ಸ್ ನೋಡಿಸಿ.

ಈಗ ಸ್ಪ್ರಿಂಗ್. 800ಕ್ಕೆ 25 ಅಂದರೆ ಮಿ.ಮೀ.ಗೆ 32 ಕೆ.ಜಿ. 1150 ಕೆ.ಜಿ. ಕೂತರೆ 36 ಮಿ.ಮೀ. ಕುಗ್ಗಬೇಕು. ಸಾಮಾನ್ಯವಾಗಿ ಇಂಥ ಸ್ಪ್ರಿಂಗಿಗೆ ಅರ್ಧದಷ್ಟು ಹೆಚ್ಚುವರಿ ಚಲನೆ ಇಟ್ಟಿರುತ್ತಾರೆ, 37–38ಕ್ಕೆ ಸುರುಳಿಗೆ ಸುರುಳಿ ಕೂಡಿಬಿಡುತ್ತದೆ. ಕೂಡಿದ ಮೇಲೆ ಅದು ಸ್ಪ್ರಿಂಗಲ್ಲ, ಕಬ್ಬಿಣದ ತುಂಡು. ಇನ್ನೊಂದು ತುದಿಯಲ್ಲಿ 480 ಕೆ.ಜಿ.ಗೆ ಬರೀ 15 ಮಿ.ಮೀ. ಒಟ್ಟು ತೂಕವನ್ನು ಎಂಟರಿಂದ ಭಾಗಿಸಿ ಆರ್ಡರ್ ಮಾಡಿದರೆ ಆಗುವುದೇ ಹೀಗೆ. ಬಿಗಿಯಾಗಿ ಉಳಿದ ನಾಲ್ಕು ನಟ್ಟು ಸೇರಿಸಿಕೊಂಡರೆ, ನಿಮ್ಮ ಮೆಷೀನು ಸ್ಪ್ರಿಂಗ್ ಮೇಲೆ ನಿಂತೇ ಇಲ್ಲ.

ಹೊಸದು ಎಷ್ಟು ಕುಗ್ಗಬೇಕು? 7.1 ಹರ್ಟ್ಜ್ ಸ್ಲ್ಯಾಬ್ ಅಂದರೆ ತನ್ನ ಮೇಲಿನ ಭಾರಕ್ಕೆ ಸುಮಾರು 6 ಮಿ.ಮೀ. ಬಾಗುವ ಸ್ಲ್ಯಾಬ್. 25 ಅದರ ನಾಲ್ಕು ಪಟ್ಟು ಮಾತ್ರ. ನಾನು ಎಂಟು ಪಟ್ಟಿಗಿಂತ ಕಮ್ಮಿ ಒಪ್ಪುವುದಿಲ್ಲ, ಹಾಗಾಗಿ 50 ಮಿ.ಮೀ.

```
fn = 15.8 / √d      (d: mm)
d = 25  →  3.2 Hz
d = 50  →  2.2 Hz
```

ಪ್ರತಿ ಪಾಯಿಂಟಿಗೂ ಅದರ ಭಾರವನ್ನು 50ರಿಂದ ಭಾಗಿಸಿ. 1150ಕ್ಕೆ ಮಿ.ಮೀ.ಗೆ 23 ಕೆ.ಜಿ., 480ಕ್ಕೆ 9.6. ನಾಲ್ಕು ಜೋಡಿಗೆ ನಾಲ್ಕು ಬೇರೆ ಸ್ಪ್ರಿಂಗ್, ಬಣ್ಣದಲ್ಲಿ ಗುರುತು ಹಾಕಿಸಿ ತರಿಸಿ. ದಿನೇಶ್ ಅವರ ರಬ್ಬರ್ ಪ್ಯಾಡ್ ಸ್ಪ್ರಿಂಗಿನ ಕೆಳಗೆ ಇರಲಿ. ಸುರುಳಿಯ ತಂತಿಯಲ್ಲೇ ಇಳಿದು ಬರುವ ಕಿರ್ ಶಬ್ದಕ್ಕೆ ಅದು ಒಳ್ಳೆಯದು. 7 ಹರ್ಟ್ಜ್ ನಡುಕಕ್ಕೆ ಅದರಿಂದ ಪ್ರಯೋಜನವಿಲ್ಲ.

ಡಿಸೈನ್_ದಿನೇಶ

ಸ್ಲ್ಯಾಬನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಒಪ್ಪಿದೆ. ಆದರೆ 50 ಮಿ.ಮೀ. ಸ್ಪ್ರಿಂಗ್ ಮೇಲೆ ಆರು ಟನ್ ಮೆಷೀನು, ಅದೂ ಜೋನ್ 5ರಲ್ಲಿ? ಆ ತಡೆ ನಟ್ಟುಗಳು ಬಿಗಿಯಾಗಿ ಇರುವುದೇ ಭೂಕಂಪಕ್ಕೆ ಕ್ಷೇಮ ಅಲ್ಲವೇ? ಸಂದು ಬಿಟ್ಟರೆ ಮೆಷೀನು ಓಡಾಡುತ್ತದೆ.

ತಂಪುಮನೆ_ಮೈಸೂರು

ಸೈಟಿನಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ, ನಟ್ಟು ಬಿಗಿಯಾಗಿ ಉಳಿಯುವುದೂ ಅದಕ್ಕೇ. ಸಂದು ಇರಬೇಕು, ಆದರೆ ಚಿಕ್ಕದಿರಬೇಕು. ಮೆಷೀನು ದಿನವೂ ಓಡುವಾಗ ಎಲ್ಲೂ ತಾಗಬಾರದು, ಭೂಮಿ ಅಲುಗಿದಾಗ ಮಾತ್ರ ರಬ್ಬರ್ ತಡೆಗೆ ತಾಗಬೇಕು. ಅಮೆರಿಕದ ASCE 7ರಲ್ಲಿ ಇದಕ್ಕೊಂದು ಗೆರೆ ಎಳೆದಿದ್ದಾರೆ: ಸಂದು 6 ಮಿ.ಮೀ. ದಾಟಿದರೆ ಲೆಕ್ಕದ ಬಲವನ್ನು ಇಮ್ಮಡಿ ಮಾಡಬೇಕು. ಓಡಿ ಬಂದು ಗುದ್ದುವುದಕ್ಕೂ ಒರಗಿ ನೂಕುವುದಕ್ಕೂ ಇರುವ ವ್ಯತ್ಯಾಸ ಅದು.

ಶಿವು, ನಿಮ್ಮ ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಎಷ್ಟು ಕೊಟ್ಟಿದ್ದಾರೆ?

ಸೈಟ್_ಶಿವು

ಟೆರೇಸ್ ಮಟ್ಟಕ್ಕೆ ಅಡ್ಡ ಬಲ ತೂಕದ ಅರ್ಧ, 0.5 ಜಿ. ಮೆಷೀನಿನ ಗುರುತ್ವ ಕೇಂದ್ರ 1.1 ಮೀಟರ್ ಎತ್ತರದಲ್ಲಿದೆ, ಮೌಂಟುಗಳ ಎರಡು ಸಾಲಿನ ನಡುವೆ 2.1 ಮೀಟರ್.

ತಂಪುಮನೆ_ಮೈಸೂರು

ಹಾಗಾದರೆ ಅಡ್ಡ ಬಲ 3,200 ಕೆ.ಜಿ. ಅದನ್ನು 1.1ರಿಂದ ಗುಣಿಸಿ 2.1ರಿಂದ ಭಾಗಿಸಿದರೆ ಒಂದು ಬದಿಯನ್ನು ಎತ್ತುವ ಬಲ ಸುಮಾರು 1,680 ಕೆ.ಜಿ. ಆ ಬದಿಯಲ್ಲಿ ಕೂತಿರುವ ತೂಕ 3,200. ಹಾಗಾಗಿ ಏಳುವುದಿಲ್ಲ. ಈಗ ನಿಮ್ಮ 15 ಮಿ.ಮೀ. ಸಂದಿಗೆ ಬಲವನ್ನು ಇಮ್ಮಡಿ ಮಾಡಿ: 3,350. ತೂಕವನ್ನು ಮೀರಿತು, ಮೆಷೀನಿನ ಒಂದು ಬದಿ ಮೇಲೇಳುತ್ತದೆ. ಭೂಮಿ ಮೇಲೆ ಕೆಳಗೆ ಅಲುಗುವುದನ್ನು ಇನ್ನೂ ಸೇರಿಸಿಲ್ಲ. ಒಂಬತ್ತು ಮಿ.ಮೀ. ಹೆಚ್ಚು ಸಂದು ಬಿಟ್ಟದ್ದಕ್ಕೆ ಆಂಕರ್ ಬೋಲ್ಟಿನ ಮೇಲೆ ಕೀಳುವ ಬಲ ಬಿತ್ತು.

ನಟ್ಟನ್ನು ನೀರು ತುಂಬಿ, ಸಿಸ್ಟಮ್ ಒತ್ತಡಕ್ಕೆ ಬಂದ ಮೇಲೆಯೇ ಹೊಂದಿಸಿ. ಖಾಲಿ ಇರುವಾಗ 6 ಬಿಟ್ಟರೆ ತುಂಬಿದಾಗ ಅದು 6 ಆಗಿ ಉಳಿಯುವುದಿಲ್ಲ.

ಈಗ ಹುಬ್ಬಳ್ಳಿಯವರ ಮಾತು. ನಿಮ್ಮ ಹಗಲಿನ ಗುಂಯ್ ಶಬ್ದ ಪೈಪಿನಲ್ಲೇ ಬರುತ್ತಿರಬೇಕು. ಚಿಲ್ಲರಿನಿಂದ ಮೊದಲ ಮೂರು ಸಪೋರ್ಟಿನ ಕೆಳಗೂ ಸ್ಪ್ರಿಂಗ್ ಬೇಕು, ಅದರಲ್ಲೂ ಮೊದಲನೆಯದು ಮೆಷೀನಿನಷ್ಟೇ, 50 ಮಿ.ಮೀ. ಕುಗ್ಗಬೇಕು. ಇಲ್ಲದಿದ್ದರೆ ಪೈಪೇ ಮೆಷೀನಿನ ಕಾಲಾಗುತ್ತದೆ. ಬರೀ ರಬ್ಬರ್ ಬೆಲೋಸ್ ನಂಬಬೇಡಿ, ಒತ್ತಡ ಏರಿದಾಗ ಅದೂ ಸೆಟೆದುಕೊಳ್ಳುತ್ತದೆ.

ಹುಬ್ಳಿ_ಫಿಟ್ಟರ್

ಮೇಡಂ, ಯು-ಬೋಲ್ಟ್ ಬಿಚ್ಚಿ ಸ್ಪ್ರಿಂಗ್ ಮ್ಯಾಲೆ ಇಟ್ರ ಭೂಕಂಪದಾಗ ಪೈಪ್ ಹಾರೂದಿಲ್ಲೇನ್ರಿ? ಆಂಗಲ್ ವೆಲ್ಡ್ ಮಾಡಿ ಕಟ್ಟಬೇಕಲ್ಲ?

ತಂಪುಮನೆ_ಮೈಸೂರು

ಆ ಮೂರು ಸಪೋರ್ಟಿನ ಜಾಗದಲ್ಲಿ ಆಂಗಲ್ ಬೇಡ ಅಣ್ಣಾ, ಅದು ಮತ್ತೆ ಶಬ್ದಕ್ಕೆ ಸೇತುವೆಯಾಗುತ್ತದೆ. ಉಕ್ಕಿನ ಕೇಬಲ್ ಹಾಕಿ. ಕೇಬಲ್ ಎಳೆಯಬಲ್ಲದು, ನೂಕಲಾರದು, ಹಾಗಾಗಿ ಎರಡೂ ಬದಿಗೆ ಜೋಡಿಯಾಗಿ ಬೇಕು. ಕೈಯಿಂದ ಒತ್ತಿದರೆ ಸ್ವಲ್ಪ ಜೋಲುವಷ್ಟು ಸಡಿಲವಿರಲಿ. ತಂತಿವಾದ್ಯದ ತಂತಿಯಂತೆ ಬಿಗಿದರೆ ಅದೂ ಹಾಡುತ್ತದೆ. ಅದೇ ಸಾಲಿನಲ್ಲಿ ಮುಂದೆ ಆಂಗಲ್ ಬ್ರೇಸ್ ಬೆರೆಸಬೇಡಿ. ಬಲವೆಲ್ಲ ಗಟ್ಟಿ ಇರುವುದರ ಮೇಲೇ ಬಂದು ಬೀಳುತ್ತದೆ.

ಕಂಬಿ_ಲೆಕ್ಕ

ನಾನು ಸ್ಟ್ರಕ್ಚರಲ್ ಕಡೆಯವನು. ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಮೌಂಟಿನ ಬೋಲ್ಟ್ ಯಾವುದಕ್ಕೆ ಹಿಡಿದಿದೆ? ಪ್ಲಿಂತ್ ಸ್ಲ್ಯಾಬಿನ ಜೊತೆ ಸೇರಿಸಿ ಹಾಕಿದ್ದೋ, ವಾಟರ್‌ಪ್ರೂಫಿಂಗ್ ಆದ ಮೇಲೆ ಅದರ ಮೇಲೆ ಹಾಕಿದ್ದೋ?

ಸೈಟ್_ಶಿವು

ಸರ್, ಬ್ರಿಕ್‌ಬ್ಯಾಟ್ ಕೋಬಾ ಆದ ಮೇಲೆ ಹಾಕಿದ್ದು. 150 ಮಿ.ಮೀ. ದಪ್ಪ. ಫೋಟೋ ತೆಗೆದು ನೋಡಿದೆ, ಕೆಳಗಿನ ಸ್ಲ್ಯಾಬಿಗೆ ಡವೆಲ್ ಕಂಬಿ ಬಿಟ್ಟಂತೆ ಕಾಣುತ್ತಿಲ್ಲ.

ಕಂಬಿ_ಲೆಕ್ಕ

ಹಾಗಾದರೆ ಮೇಡಂ ಹೇಳಿದ ತಡೆಯೆಲ್ಲ ಸರಿಯಾಗಿದ್ದರೂ ಪ್ಲಿಂತ್ ಸಮೇತ ಜಾರುತ್ತದೆ. 3,200 ಕೆ.ಜಿ. ಅಡ್ಡ ಬಲಕ್ಕೆ ಕೋಬಾ ಮೇಲಿನ ಘರ್ಷಣೆಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೊರೆದು ರಾಸಾಯನಿಕ ಆಂಕರಿನಲ್ಲಿ ಡವೆಲ್ ಕೂರಿಸಬಹುದು, ಆದರೆ ಅಷ್ಟೂ ತೂತಿನಲ್ಲಿ ವಾಟರ್‌ಪ್ರೂಫಿಂಗ್ ಹೋಗುತ್ತದೆ, ಕೆಳಗೆ ವಾರ್ಡ್ ಇದೆ. ನನ್ನನ್ನು ಕೇಳಿದರೆ ಕಾಲಮ್ಮಿನಿಂದ ಕಾಲಮ್ಮಿಗೆ ಸ್ಟೀಲ್ ಫ್ರೇಮ್ ಹಾಕಿ ಮೆಷೀನನ್ನು ಸ್ಲ್ಯಾಬಿನಿಂದಲೇ ಬಿಡಿಸಿ.

ತಂಪುಮನೆ_ಮೈಸೂರು

ಫ್ರೇಮ್ ಒಳ್ಳೆಯದೇ, ಆದರೆ 8.4 ಮೀಟರ್ ಗರ್ಡರ್ ತೆಳ್ಳಗಿದ್ದರೆ ಅದೂ 7 ಹರ್ಟ್ಜ್ ಹತ್ತಿರವೇ ಬಂದು ಕೂರುತ್ತದೆ. ಶಕ್ತಿಗೆ ಮಾತ್ರ ಡಿಸೈನ್ ಮಾಡಬೇಡಿ, ಬಾಗುವುದಕ್ಕೂ ಮಾಡಿ. ಡವೆಲ್ ಹಾಕಿ ಪ್ರತಿ ತೂತನ್ನೂ ಸೀಲ್ ಮಾಡುವುದು ಅಗ್ಗ ಎಂದು ನನಗನಿಸುತ್ತದೆ.

ಕಂಬಿ_ಲೆಕ್ಕ

ಅಗ್ಗ ಹೌದು. ಆಸ್ಪತ್ರೆಯ ತಲೆ ಮೇಲೆ ಅಷ್ಟೊಂದು ತೂತಿಗೆ ನಾನು ಸಹಿ ಹಾಕುವುದಿಲ್ಲ.

ಸೈಟ್_ಶಿವು

ನಿನ್ನೆ ರಾತ್ರಿ ಸರ್ವೀಸಿನವರು ಸ್ಕಿಪ್ ಬ್ಯಾಂಡ್ ಹಾಕಿ ಹೋದರು. ಹನ್ನೊಂದೂವರೆಗೆ ಅದೇ ಮಂಚದ ಪಕ್ಕ ಲೋಟ ಇಟ್ಟು ಕೂತೆ. ಫ್ಯಾನ್ 26 ದಾಟಿ ಇಳಿಯುವಾಗ ಒಂದೆರಡು ಸೆಕೆಂಡ್ ಅಲೆ ಬಂತು, ಆಮೇಲೆ ನೀರು ನಿಂತಿತು. ಹಗಲಿನ ಗುಂಯ್ ಹಾಗೇ ಇದೆ, ಪೈಪಿನ ಸ್ಪ್ರಿಂಗ್ ಬಂದ ಮೇಲೆ ನೋಡಬೇಕು. 50 ಮಿ.ಮೀ. ಮೌಂಟಿಗೆ ಪಾಯಿಂಟ್ ಲೋಡ್ ಕಳಿಸಿದ್ದೇನೆ. ಪ್ಲಿಂತಿನ ಫೋಟೋಗಳನ್ನು ಕನ್ಸಲ್ಟೆಂಟಿಗೆ ಕೊಟ್ಟಿದ್ದೇನೆ, ಡವೆಲ್ಲೋ ಫ್ರೇಮೋ ಅವರು ಸೋಮವಾರ ಬಂದು ಕೊರೆದು ನೋಡಿ ಹೇಳುತ್ತಾರಂತೆ. ಅಲ್ಲಿಯವರೆಗೆ ಬಿಗಿ ನಟ್ಟು ಬಿಚ್ಚಲೋ ಬೇಡವೋ?

ತಂಪುಮನೆ_ಮೈಸೂರು

ಈಗ ಬಿಚ್ಚಬೇಡಿ. ಕಂಪ್ರೆಸರ್ ಕಡೆಯ ಸ್ಪ್ರಿಂಗ್ ಕೂಡಿಕೊಂಡಿರುವಾಗ ನಟ್ಟು ಸಡಿಲಿಸಿದರೆ ಮೆಷೀನು ಓಲಬಹುದು, ಪೈಪಿನ ಫ್ಲ್ಯಾಂಜಿನ ಮೇಲೆ ಎಳೆತ ಬೀಳುತ್ತದೆ. ಹೊಸ ಮೌಂಟ್ ಕೂರಿಸುವ ದಿನ, ಜಾಕ್ ಕೊಟ್ಟುಕೊಂಡೇ ಬಿಚ್ಚಿ. ದೂರದ 15 ಮಿ.ಮೀ. ಸಂದುಗಳನ್ನು ಮಾತ್ರ ಇವತ್ತೇ 6ಕ್ಕೆ ಇಳಿಸಿ.