ಆಯ್‌ಸ್ಟರ್ ಅಥವಾ ಆಯಿಸ್ಟರ್: ಫಲಕಕ್ಕೆ ಯಾವ ಬರಹ ಸರಿ?

ಕಾರವಾರದಿಂದ ಪ್ರಶ್ನೆ

ಮಾನ್ಯರೇ, ದೇವಗಡ ದ್ವೀಪದ ದೀಪಸ್ತಂಭವನ್ನು ಕುರಿತ ಫಲಕವೊಂದನ್ನು ನಾಳೆ ಸಂಜೆಯೊಳಗೆ ಕನ್ನಡಿಸಿ ಕೊಡಬೇಕಾಗಿದೆ. ಮೂಲದಲ್ಲಿರುವ ಇಂಗ್ಲಿಷ್ ಹೆಸರನ್ನು ‘ಆಯಿಸ್ಟರ್ ರಾಕ್’ ಎಂದು ಬರೆಯಬೇಕೋ ‘ಆಯ್‌ಸ್ಟರ್ ರಾಕ್’ ಎಂದು ಬರೆಯಬೇಕೋ ತಿಳಿಯುತ್ತಿಲ್ಲ. ಉಚ್ಚಾರಣಾ ಕೋಶದಲ್ಲಿ `ɔɪ` ಎಂಬ ಎರಡು ಸ್ವರಚಿಹ್ನೆಗಳಿರುವುದರಿಂದ ಎರಡು ಸ್ವರಗಳನ್ನೂ ಬರೆಯುವುದೇ ಸರಿಯೆಂದು ನನಗೆ ತೋರುತ್ತದೆ.

ಹೊನ್ನಾವರದಿಂದ

ಇದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಸ್ವರದ ಮುಂದೆ ಸ್ವರ ಬಂದರೆ ಕನ್ನಡದಲ್ಲಿ ಯಕಾರವೋ ವಕಾರವೋ ಆಗಮವಾಗುತ್ತದೆ. ‘ಗಿರಿ’ಗೆ ‘ಅನ್ನು’ ಸೇರಿದರೆ ‘ಗಿರಿಯನ್ನು’ ಆಗುವಂತೆ ಇಲ್ಲಿಯೂ ‘ಆ’ಕಾರಕ್ಕೆ ‘ಇ’ಕಾರ ಸೇರಿ ‘ಆಯಿ’ ಆಗುತ್ತದೆ. ಆಯಿಲ್, ಪಾಯಿಂಟ್ ಎಂದು ಎಲ್ಲರೂ ಬರೆಯುತ್ತಿರುವಾಗ ಆಯಿಸ್ಟರ್ ಎಂಬುದನ್ನು ಮಾತ್ರ ಪ್ರಶ್ನಿಸುವುದೇಕೆ?

ಶಿರಸಿಯಿಂದ

ಆಗಮದ ಸೂತ್ರ ಇಲ್ಲಿಗೆ ಅನ್ವಯಿಸುವುದಿಲ್ಲ. ಆಗಮ ಬರುವುದು ಎರಡು ಪೂರ್ಣ ಸ್ವರಗಳ ನಡುವೆ. ಈ ಪದದ ಮೊದಲಿನ `ɔɪ` ಇಡಿಯಾಗಿ ಒಂದೇ ಉಚ್ಚಾರಾಂಶದಲ್ಲಿದೆ. ನಾಲಗೆ ‘ಆ’ಕಾರಕ್ಕೂ ‘ಓ’ಕಾರಕ್ಕೂ ನಡುವಿನ ಒಂದು ನೆಲೆಯಿಂದ ಹೊರಟು ‘ಇ’ಕಾರದ ಕಡೆಗೆ ಜಾರುತ್ತದೆಯೇ ಹೊರತು ಅಲ್ಲಿ ನಿಂತು ಎರಡನೆಯ ಸ್ವರವನ್ನು ನುಡಿಯುವುದಿಲ್ಲ. ಕೋಶದ ಎರಡು ಚಿಹ್ನೆಗಳು ಹೊರಟ ಜಾಗವನ್ನೂ ಜಾರುವ ದಿಕ್ಕನ್ನೂ ತೋರಿಸುತ್ತವೆ, ಅಷ್ಟೆ. ಓದುಗರು ತಪ್ಪು ತಿಳಿಯದಿರಲೆಂದೇ ಕೆಲವರು ಎರಡನೆಯ ಚಿಹ್ನೆಯ ಕೆಳಗೆ ಕಮಾನಿಟ್ಟು `ɔɪ̯` ಎಂದು ಬರೆಯುತ್ತಾರೆ, ಇನ್ನು ಕೆಲವರು `ɔj` ಎಂದು ವ್ಯಂಜನದ ಚಿಹ್ನೆಯನ್ನೇ ಬಳಸುತ್ತಾರೆ. ಸ್ವರಗಳು ನಿಜವಾಗಿ ಬೇರೆಬೇರೆಯಾಗಿದ್ದರೆ ನಡುವೆ ಚುಕ್ಕಿ ಇಡುವ ಕ್ರಮವಿದೆ.

‘ಆಯಿಸ್ಟರ್’ ಎಂದು ಬರೆದರೆ ನಮ್ಮವರು ಆ-ಯಿಸ್-ಟರ್ ಎಂದು ಮೂರು ಭಾಗ ಮಾಡಿ ಓದುತ್ತಾರೆ, ಆದರೆ ಇಂಗ್ಲಿಷಿನಲ್ಲಿರುವುದು ಎರಡೇ. ನಮ್ಮ ಕಡೆ ತಾಯಿಯನ್ನು ಕರೆಯುವ ‘ಆಯಿ’ಯಲ್ಲಿ ಎರಡು ಉಚ್ಚಾರಾಂಶಗಳು ಸ್ಪಷ್ಟವಾಗಿ ಕೇಳುತ್ತವೆ. ಆ ಧ್ವನಿ ಇಲ್ಲಿ ಬೇಡ. ಯಕಾರ ಇಂಗ್ಲಿಷಿನ ಜಾರುಧ್ವನಿಗಿಂತ ಬಿಗಿಯಾದದ್ದು ನಿಜ, ಆದರೂ ‘ಆಯ್’ ಎಂಬ ಬರಹ ಉಚ್ಚಾರಾಂಶಗಳ ಎಣಿಕೆಯನ್ನಾದರೂ ಉಳಿಸುತ್ತದೆ.

ಪಾಯಿಂಟ್ ಎಂಬುದರ ಕಾರಣ ಬೇರೆ. ಅನುಸ್ವಾರಕ್ಕೆ ಹಿಂದೊಂದು ಸ್ವರ ಬೇಕಾದ್ದರಿಂದ ಲಿಪಿಯೇ ಅಲ್ಲಿ ಇಕಾರವನ್ನು ತರಿಸಿದೆ. ಆಯಿಲ್ ಎಂಬುದರಲ್ಲಿ ಲಕಾರಕ್ಕೆ ಮುಂಚೆ ಅನೇಕ ಇಂಗ್ಲಿಷರ ಬಾಯಲ್ಲಿಯೇ ಒಂದು ಸಣ್ಣ ಸ್ವರ ಮೂಡುತ್ತದೆ. ಸಕಾರದ ಮುಂದೆ ಈ ಎರಡು ಕಾರಣಗಳೂ ಇಲ್ಲ.

ಗೋಕರ್ಣದಿಂದ

ನಮ್ಮ ವಸತಿಗೃಹದ ಫಲಕದಲ್ಲಿ ‘ರಾಯಲ್’ ಎಂದು ಬರೆಸಿದ್ದೇವೆ. ಶಿರಸಿಯವರ ಮಾತು ಸರಿಯಾದರೆ ಅದನ್ನೂ ‘ರಾಯ್ಲ್’ ಎಂದು ತಿದ್ದಿಸಬೇಕೇ? ಬಣ್ಣದ ಖರ್ಚು ಈಗಾಗಲೇ ಆಗಿಹೋಗಿದೆ.

ಶಿರಸಿಯಿಂದ

ತಿದ್ದಿಸಬೇಡಿ, ನಿಮ್ಮದು ಸರಿಯಾಗಿಯೇ ಇದೆ. ಅಲ್ಲಿ ಸಂಧ್ಯಕ್ಷರದ ಬೆನ್ನಿಗೆ ಇನ್ನೊಂದು ಸ್ವರವಿದೆ, ಆದ್ದರಿಂದ ಯಕಾರ ಮುಂದಿನ ಉಚ್ಚಾರಾಂಶಕ್ಕೆ ಸೇರಿಕೊಳ್ಳುತ್ತದೆ. ಟೌನ್ ಎಂದು ಬರೆಯುವ ನಾವೇ ಟವರ್ ಎಂದು, ಲೈನ್ ಎಂದು ಬರೆಯುವ ನಾವೇ ಲಯನ್ ಎಂದು ಬರೆಯುತ್ತೇವೆ. ಮುಂದೆ ವ್ಯಂಜನ ಬಂದರೆ ಐ, ಔ ಇಡಿಯಾಗಿ ನಿಲ್ಲುತ್ತವೆ. ಸ್ವರ ಬಂದರೆ ಅಯ, ಅವ ಎಂದು ಬಿಡಿಸಿಕೊಳ್ಳುತ್ತವೆ. ಯಾರೂ ಕಲಿಸದೆ ಕನ್ನಡಿಗರ ಕಿವಿ ಕಂಡುಕೊಂಡ ಈ ವ್ಯವಸ್ಥೆ ನನಗೆ ಬಹಳ ಹಿಡಿಸುತ್ತದೆ. ‘ಮೌನ ವಲಯ’ ಎನ್ನುವ ಬದಲು ‘ಕ್ವೈಟ್ ಝೋನ್’ ಎಂದು ಬರೆಯುವವರು ಮಾತ್ರ ಇಲ್ಲಿ ಎಡವುತ್ತಾರೆ. ಅದು ಎರಡು ಉಚ್ಚಾರಾಂಶಗಳ ‘ಕ್ವಯಟ್’ ಆಗಬೇಕು. ‘ಕ್ವೈಟ್’ ಬೇರೆಯದೇ ಪದ.

ಹೊನ್ನಾವರದಿಂದ

ಹಾಗಾದರೆ ‘ಗೋಯಿಂಗ್’ ಹೇಗೆ ಬಂತು? ಓಕಾರದ ಮುಂದೆ ವಕಾರಾಗಮವಾಗಿ ‘ಗೋವನ್ನು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿಯೂ ಅಲ್ಲಿ ತುಟಿ ದುಂಡಾಗಿ ಕೇಳುವುದು ವಕಾರದ ಛಾಯೆಯೇ. ಆದರೂ ಎಲ್ಲರೂ ಯಕಾರ ಬರೆಯುತ್ತಾರೆ. ನಿಮ್ಮ ವ್ಯವಸ್ಥೆ ಇದಕ್ಕೆ ಉತ್ತರ ಕೊಡುವುದಿಲ್ಲ.

ಶಿರಸಿಯಿಂದ

ಮುಂದಿನ ಇಕಾರ ಯಕಾರವನ್ನು ತನ್ನ ಕಡೆಗೆ ಎಳೆದಿರಬಹುದೆಂಬುದು ನನ್ನ ಊಹೆ. ಅದಕ್ಕಿಂತ ಹೆಚ್ಚಿನದನ್ನು ಹೇಳಲಾರೆ.

ಕುಮಟೆಯಿಂದ

ಈ ಚರ್ಚೆಯೇ ಅನಗತ್ಯ. ದೇವಗಡ ಎಂಬ ಹೆಸರಿರುವಾಗ ಪರಭಾಷೆಯ ಹೆಸರನ್ನು ಫಲಕದ ಮೇಲೇರಿಸಿ ಅದರ ಉಚ್ಚಾರಕ್ಕೆ ಇಷ್ಟು ಶ್ರಮಪಡುವುದು ನಮ್ಮ ನೆಲದ ಹೆಸರಿಗೆ ಮಾಡುವ ಅನ್ಯಾಯ. ಸಂಧ್ಯಕ್ಷರವನ್ನು ಎರವಲು ತಂದವರೇ ಅದರ ಕಷ್ಟವನ್ನೂ ಹೊರಲಿ.

ಶಿರಸಿಯಿಂದ

ದೇವಗಡ ಮೊದಲು ಬರಲಿ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಇನ್ನೊಂದು ಹೆಸರು ದಾಖಲೆಗಳಲ್ಲಿದೆ. ಅದನ್ನು ಬರೆಯುವುದೇ ಆದರೆ ತಪ್ಪಾಗಿ ಏಕೆ ಬರೆಯಬೇಕು?

ಕಾರವಾರದಿಂದ

‘ದೇವಗಡ (ಆಯ್‌ಸ್ಟರ್ ರಾಕ್) ದೀಪಸ್ತಂಭ’ ಎಂದು ಬರೆದಿದ್ದೇನೆ. ಮೊದಲ ಕರಡಿನಲ್ಲಿ ಗಣಕವು ಯಕಾರದ ಕೆಳಗೆ ಸಕಾರ ಟಕಾರಗಳೆರಡನ್ನೂ ಒತ್ತಾಗಿ ಪೇರಿಸಿತ್ತು. ದೂರದಿಂದ ಓದಲು ಅದು ಸಾಧ್ಯವೇ ಇರಲಿಲ್ಲ. ‘ಯ್’ ಆದ ಮೇಲೆ `U+200C` ಸೇರಿಸಿದಾಗ ‘ಯ್’ ಬಿಡಿಯಾಗಿ ನಿಂತು ಟಕಾರವೊಂದೇ ಸಕಾರದ ಒತ್ತಾಗಿ ಉಳಿಯಿತು. ಮುದ್ರಕರ ತಂತ್ರಾಂಶ ಆ ಕಾಣದ ಅಕ್ಷರವನ್ನು ಅಳಿಸಿಬಿಟ್ಟರೆ ಒತ್ತುಗಳು ಮತ್ತೆ ಪೇರಿಕೊಳ್ಳುತ್ತವೆ, ಆದ್ದರಿಂದ ಅಚ್ಚಿಗೆ ಮುಂಚಿನ ಪ್ರತಿಯನ್ನು ಚಿತ್ರರೂಪದಲ್ಲಿ ಕಳುಹಿಸುವಂತೆ ಅವರನ್ನು ಕೇಳಿಕೊಂಡಿದ್ದೇನೆ.