ಸಹಾಯ ಬೇಕು: ಇಂಟರ್‌ವ್ಯೂನಲ್ಲಿ ಸಿಕ್ಕ ಈ ಉತ್ತರಗಳನ್ನು ಹೇಗೆ ತಗೊಳ್ಳೋದು?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಅಡಿಕೆ ವ್ಯಾಪಾರದ ಸಂಸ್ಥೆಯಲ್ಲಿ ಅಕೌಂಟೆಂಟ್ ಕೆಲಸಕ್ಕೆ ನನ್ನ ತಂಗಿ ಇಂಟರ್‌ವ್ಯೂ ಕೊಟ್ಟು ಬಂದಿದ್ದಾಳೆ. ಸೋಮವಾರ ಎರಡನೇ ಸುತ್ತು.

"ಈ ಜಾಗದಲ್ಲಿ ಮೊದಲು ಇದ್ದವರು ಎಷ್ಟು ದಿನ ಇದ್ದರು, ಯಾಕೆ ಬಿಟ್ಟರು?" ಎಂದು ಅವಳು ಕೇಳಿದಳು. "ಈಗಿನ ಹುಡುಗರು ಎಲ್ಲೂ ನಿಲ್ಲಲ್ಲಮ್ಮ" ಎಂದರಂತೆ. ಮದುವೆ, ಊರು ಬದಲಾವಣೆ, ಹೀಗೆ ಒಂದು ಕಾರಣ ಹೇಳಿದ್ದರೆ ಸರಿ. ಬಿಟ್ಟವರನ್ನೆಲ್ಲ ದೂರುವುದು ನನಗೆ ಸರಿ ಕಾಣಲಿಲ್ಲ.

ಅದಕ್ಕಿಂತ ಜಾಸ್ತಿ ಚಿಂತೆ ಇನ್ನೊಂದು. ಮೊದಲ ಮೂರು ತಿಂಗಳು ಏನು ಕೆಲಸ ಎಂದು ಕೇಳಿದರೆ ಮ್ಯಾನೇಜರ್ ಟ್ಯಾಲಿ, ಜಿಎಸ್‌ಟಿ ರಿಟರ್ನ್ ಎಂದರು. ಮಾಲೀಕರು ತೀರ್ಥಹಳ್ಳಿ, ಹೊಸನಗರ ಕಡೆ ಬಾಕಿ ವಸೂಲಿಗೂ ಹೋಗಬೇಕು ಎಂದರು. ಇವೆರಡೂ ಬೇರೆ ಬೇರೆ ಕೆಲಸ ಅಲ್ವಾ? ಹೊಸ ಹುದ್ದೆಯಾಗಿದ್ದರೆ ಗೊಂದಲ ಸಹಜ. ಆದರೆ ಇದು ಹಳೆಯ ಹುದ್ದೆ.

ಎರಡು ವರ್ಷದಲ್ಲಿ ಈ ಜಾಗಕ್ಕೆ ಎಷ್ಟು ಜನ ಬಂದು ಹೋದರು ಎಂದು ಸೋಮವಾರ ನೇರವಾಗಿ ಕೇಳಬಹುದಾ? ಕೆಲಸದ ವಿವರವನ್ನು ಆಫರ್ ಲೆಟರ್‌ನಲ್ಲಿ ಬರೆದು ಕೊಡಿ ಎಂದರೆ ಇಲ್ಲಿಯ ಸಣ್ಣ ಸಂಸ್ಥೆಗಳು ಒಪ್ಪುತ್ತವಾ? ಬೇಜಾರಾಗದಂತೆ ಕೇಳುವ ಮಾತು ಗೊತ್ತಿದ್ದವರು ದಯವಿಟ್ಟು ಹೇಳಿ.