ಏಸಿ ಪ್ಲಗ್ ಸುಟ್ಟ ಮೇಲೆ ನಮ್ಮ ಮನೆ ಗುಂಪಿನಲ್ಲಿ

*ಸಂಗಣ್ಣ ಕಾಕಾ:* (ಫಾರ್ವರ್ಡ್) ಮನೆಗೆ ಒಂದು ಇಎಲ್‌ಸಿಬಿ ಹಾಕಿಸಿ, ಕರೆಂಟಿನಿಂದ ಬೆಂಕಿ ಬೀಳುವುದೇ ಇಲ್ಲ!

*ಸಂಗಣ್ಣ ಕಾಕಾ:* ಇದು ಸುಳ್ಳು. ನನ್ನ ಮನೆಯಲ್ಲಿ ಅದೂ ಇದೆ, ಎಂಸಿಬಿಯೂ ಇದೆ. ನಿನ್ನೆ ಏಸಿ ಸಾಕೆಟ್ ಕರಗಿತು, ಒಂದೂ ಬೀಳಲಿಲ್ಲ. ಎರಡೂ ಡೂಪ್ಲಿಕೇಟ್ ಮಾಲು.

*ಗೀತಕ್ಕ:* ಹೋದ ವರ್ಷ ಕೂಲರ್ ಮುಟ್ಟಿದಾಗ ಇಎಲ್‌ಸಿಬಿ ಬಿದ್ದೇ ಅಲ್ವಾ ಪುಟ್ಟಿ ಉಳಿದದ್ದು ಕಾಕಾ?

*ಮಲ್ಲು:* ಅಕ್ಕ ಹೇಳಿದ್ದು ಸರಿ. ಅವತ್ತು ಕರೆಂಟ್ ಒದ್ದೆ ಕೂಲರಿನಿಂದ ಮೈಮೇಲೆ ಹಾದು ನೆಲಕ್ಕೆ ಹೋಗುತ್ತಿತ್ತು. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬರದೆ 30 ಮಿಲಿ ಆಂಪಿಯರ್ ಕಮ್ಮಿಯಾದರೆ ಇಎಲ್‌ಸಿಬಿ ಬೀಳುತ್ತದೆ. ಎಂಸಿಬಿಗೆ ಅಷ್ಟು ಸಣ್ಣ ಕರೆಂಟ್ ಲೆಕ್ಕಕ್ಕೇ ಇಲ್ಲ. ಅದು ನೋಡುವುದು ಶಾರ್ಟ್ ಮತ್ತು ಓವರ್‌ಲೋಡ್ ಎರಡನ್ನೇ.

*ಸಂಗಣ್ಣ ಕಾಕಾ:* ಮತ್ತೆ ನಿನ್ನೆ ಏನಾಗಿತ್ತು ಇವಕ್ಕೆ?

*ಮಲ್ಲು:* ಫೋಟೋ ನೋಡಿದೆ. ಮೂರರಲ್ಲಿ ಒಂದೇ ತೂತು ಕಪ್ಪಾಗಿದೆ. ಅಲ್ಲಿನ ಸ್ಕ್ರೂ ಸಡಿಲ. ನಿಮ್ಮ ಏಸಿ ಎಳೆಯುವುದು ಸುಮಾರು 8 ಆಂಪಿಯರ್. ಸಡಿಲ ಜಾಗದಲ್ಲಿ ಅರ್ಧ ಓಮ್ ಅಡ್ಡ ಬಂತು ಅನ್ನಿ. 8×8×0.5, ಅಂದರೆ 32 ವ್ಯಾಟ್ ಬಿಸಿ. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಕಡ್ಡಿ 25 ವ್ಯಾಟಿನದು. ಅದನ್ನು ರಾತ್ರಿಯಿಡೀ ಸಾಕೆಟ್ಟಿನೊಳಗೆ ಇಟ್ಟ ಹಾಗೆ.

*ಮಲ್ಲು:* ಆದರೆ ಹೋದದ್ದು ಅದೇ 8, ಬಂದದ್ದೂ ಅದೇ 8. ಸೋರಿಕೆ ಇಲ್ಲ, ಜಾಸ್ತಿ ಎಳೆತವೂ ಇಲ್ಲ. ಎರಡಕ್ಕೂ ಇದು ಕಾಣುವುದೇ ಇಲ್ಲ. 230ರಲ್ಲಿ 4 ವೋಲ್ಟ್ ಕಮ್ಮಿಯಾಗಿರುತ್ತದೆ ಅಷ್ಟೆ, ಏಸಿ ತಣ್ಣಗೆ ಓಡುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಸುಟ್ಟು ಮಸಿಯಾಗಿ ಕರೆಂಟ್ ಅರ್ಥ್ ಪಿನ್ನಿಗೆ ಹಾದರೆ ಆಗ ಇಎಲ್‌ಸಿಬಿ ಬಿದ್ದೀತು. ಅಷ್ಟರೊಳಗೆ ಪರದೆ ಹತ್ತಿದ್ದರೆ?

*ಸಂಗಣ್ಣ ಕಾಕಾ:* ಮಿಸ್ತ್ರಿ 16 ತೆಗೆದು 32ರ ಎಂಸಿಬಿ ಹಾಕೋಣ ಅಂತಾನೆ.

*ಮಲ್ಲು:* ಬ್ಯಾಡ್ರಿ ಕಾಕಾ! ಗೋಡೆಯೊಳಗಿರುವುದು 2.5 ಚದರ ಮಿಲಿಮೀಟರ್ ತಂತಿ. 30 ಆಂಪಿಯರ್ ಹರಿದರೂ 32ರದ್ದು ಸುಮ್ನೆ ಕೂತಿರುತ್ತದೆ, ತಂತಿ ಬೇಯುತ್ತದೆ. ಎಂಸಿಬಿ ಕಾಯುವುದು ಏಸಿಯನ್ನಲ್ಲ, ತಂತಿಯನ್ನು. ಸಾಕೆಟ್ ಹೊಸದು ಹಾಕಿಸಿ, ಕರಕಲಾದ ತಂತಿ ತುದಿ ಕತ್ತರಿಸಿ, ಹೊಳೆಯುವ ತಾಮ್ರಕ್ಕೆ ಸ್ಕ್ರೂ ಬಿಗಿ ಮಾಡಿಸಿ. ಪ್ಲಗ್ಗಿನ ಪಿನ್ ಕಪ್ಪಾಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಸಾಕೆಟ್ಟೂ ಸುಡುತ್ತದೆ.

*ಗೀತಕ್ಕ:* ಮೊದಲೇ ಹೇಗೆ ಗೊತ್ತಾಗಬೇಕು?

*ಮಲ್ಲು:* ಅರ್ಧ ಗಂಟೆ ಓಡಿಸಿ, ಸ್ವಿಚ್ ಬಂದ್ ಮಾಡಿ, ಪ್ಲಗ್ಗಿನ ಮೇಲೆ ಕೈ ಇಡಿ. ಸುಡುವಷ್ಟು ಬಿಸಿ ಇದ್ದರೆ ಅದೇ ಗುರುತು. ಮೀನು ಸುಟ್ಟಂಥ ವಾಸನೆಯೂ ಬರುತ್ತದೆ.

*ಸಂಗಣ್ಣ ಕಾಕಾ:* ಹೌದಪ್ಪ, ವಾಸನೆ ಎರಡು ವಾರದಿಂದ ಇತ್ತು. ನಿಮ್ಮ ಕಾಕು ಪಕ್ಕದ ಮನೆಯವರದು ಅಂದಳು.

*ಸಂಗಣ್ಣ ಕಾಕಾ:* ಒಳಗಿನ ರೂಮಿನ ಏಸಿ ಪ್ಲಗ್ ಈಗ ಮುಟ್ಟಿದೆ. ಅದೂ ಸುಡುತ್ತಿದೆ.

*ಮಲ್ಲು:* ಅದರ ಎಂಸಿಬಿ ಇಳಿಸಿಬಿಡಿ. ಸಂಜೆ ಬರುತ್ತೇನೆ.